ಮೂರು ಜನ ಬರೆದರೂ ಅಂಗಡಿಯ ಧಾಟಿ ಒಂದೇ ಇರಬೇಕು: ಹಬ್ಬದ ಪೋಸ್ಟ್‌ಗಳಿಗೆ ಸ್ಟೈಲ್ ಶೀಟ್ ಹೇಗೆ ಮಾಡೋದು?

ಹುರಿಗಾಳು_ತುಮಕೂರು

ನಮ್ಮದು ತುಮಕೂರಿನಲ್ಲಿ ಕುರುಕಲು ತಿಂಡಿ ಅಂಗಡಿ. ಅವರೆಕಾಯಿ ಕಾಲ ಶುರುವಾದಾಗಿಂದ ಸಂಕ್ರಾಂತಿ ಮುಗಿಯೋವರೆಗೂ ದಿನಾ ಏನಾದರೂ ಒಂದು ಹಾಕ್ತಾನೇ ಇರ್ತೀವಿ, ಇನ್‌ಸ್ಟಾಗ್ರಾಂನಲ್ಲಿ, ಫೇಸ್‌ಬುಕ್‌ನಲ್ಲಿ, ವಾಟ್ಸಾಪ್ ಸ್ಟೇಟಸ್‌ನಲ್ಲಿ. ಬರೆಯೋರು ಮೂರು ಜನ: ನಾನು, ಕೌಂಟರ್ ನೋಡಿಕೊಳ್ಳೋ ಹುಡುಗ, ಬೆಂಗಳೂರಿನಲ್ಲಿರೋ ತಂಗಿ. ಎಳ್ಳು-ಬೆಲ್ಲಕ್ಕೆ ಮೂವರು ಬರೆದ ಕರಡು ನೋಡಿ.

ಮೊದಲನೇದು: "ಸಮಸ್ತ ಗ್ರಾಹಕ ಬಂಧುಗಳಿಗೆ ಮಕರ ಸಂಕ್ರಾಂತಿ ಹಬ್ಬದ ಹಾರ್ದಿಕ ಶುಭಾಶಯಗಳು. ನಮ್ಮಲ್ಲಿ ಶುದ್ಧ ಹಾಗೂ ರುಚಿಕರವಾದ ಎಳ್ಳು-ಬೆಲ್ಲ ದೊರೆಯುತ್ತದೆ. ಒಮ್ಮೆ ಭೇಟಿ ನೀಡಿ."

ಎರಡನೇದು: "ಗುರು ಸಂಕ್ರಾಂತಿ ಬಂತು!!! ಎಳ್ಳು ಬೆಲ್ಲ ರೆಡಿ 🔥🔥 ಬೇಗ ಬಾ, ಖಾಲಿ ಆದ್ಮೇಲೆ ನಮ್ಮನ್ನ ಕೇಳ್ಬೇಡ"

ಮೂರನೇದು: "ಈ ಸಂಕ್ರಾಂತಿಯಂದು ನಿಮ್ಮ ಪ್ರೀತಿಪಾತ್ರರೊಂದಿಗೆ ಸಿಹಿಯನ್ನು ಹಂಚಿಕೊಳ್ಳಿ. ನಮ್ಮ ವಿಶೇಷ ಎಳ್ಳು-ಬೆಲ್ಲದೊಂದಿಗೆ ಹಬ್ಬವನ್ನು ಇನ್ನಷ್ಟು ವಿಶೇಷವಾಗಿಸಿ."

ಒಂದೇ ಅಂಗಡಿ ಅಂತ ಯಾರಿಗೂ ಅನ್ನಿಸಲ್ಲ. "ಆತ್ಮೀಯ, ಸರಳ, ಸಾಂಪ್ರದಾಯಿಕ, ಈ ಮೂರು ನಮ್ಮ ಧಾಟಿ" ಅಂತ ಗ್ರೂಪಲ್ಲಿ ಬರೆದು ಹಾಕಿದ್ದೆ. ಮೂವರೂ ಒಪ್ಪಿಕೊಂಡರು, ಆಮೇಲೂ ಮೊದಲಿನ ಹಾಗೇ ಬರೆದರು. ಒಂದು ಪುಟದ ಸ್ಟೈಲ್ ಶೀಟ್ ಸಾಕು ಅಂತಾರೆ. ಆ ಪುಟದಲ್ಲಿ ಏನಿರಬೇಕು?

ಗುಬ್ಬಿಗೇಟ್

ಇದಕ್ಕೆ ಶೀಟ್ ಗೀಟ್ ಯಾಕೆ? ಮೂವರಲ್ಲಿ ಚೆನ್ನಾಗಿ ಬರೆಯೋರು ಒಬ್ಬರು ಬರೀಲಿ, ಮಿಕ್ಕಿದ ಇಬ್ಬರು ಫೋಟೋ ತೆಗೀಲಿ. ಮುಗೀತು.

ನಂದಿತಪ್ಪಲು

ಒಂದೇ ಥರ ಕಾಣಬೇಕು ಅಂದ್ರೆ ಮೊದಲು ಬಣ್ಣ ಮತ್ತು ಫಾಂಟ್ ಗಟ್ಟಿ ಮಾಡಿ ಅಕ್ಕ. ಎಲ್ಲಾ ಪೋಸ್ಟರಿಗೂ ಅದೇ ಅರಿಶಿನ ಬಣ್ಣದ ಪಟ್ಟಿ, ಅದೇ ಮೂಲೆಯಲ್ಲಿ ಲೋಗೋ. ನೋಡಿದ ಕೂಡಲೇ ನಿಮ್ಮ ಅಂಗಡಿ ಅಂತ ಗೊತ್ತಾಗುತ್ತೆ.

ಹುರಿಗಾಳು_ತುಮಕೂರು

@ನಂದಿತಪ್ಪಲು ಲೋಗೋ, ಬಣ್ಣ ಎಲ್ಲಾ ಸರಿಯಾಗೇ ಇದೆ. ನಾನು ಕೇಳ್ತಿರೋದು ಮಾತಿನ ಬಗ್ಗೆ.

ಕರಡು_ಕತ್ತರಿ

ಅಕ್ಕ, "ಆತ್ಮೀಯ, ಸರಳ, ಸಾಂಪ್ರದಾಯಿಕ" ಕೆಲಸ ಮಾಡದೇ ಇರೋಕೆ ಕಾರಣ ಇದೆ. ನಿಮ್ಮ ಮೂರೂ ಕರಡು ಆತ್ಮೀಯವೇ. ಮೊದಲನೆಯವರಿಗೆ "ಗ್ರಾಹಕ ಬಂಧುಗಳೇ" ಅನ್ನೋದು ಆತ್ಮೀಯ, ಎರಡನೆಯವರಿಗೆ "ಗುರು" ಅನ್ನೋದು ಆತ್ಮೀಯ. ಗುಣವಾಚಕ ಬರೆದುಕೊಟ್ಟರೆ ಪ್ರತಿಯೊಬ್ಬರೂ ತಮಗೆ ಬೇಕಾದ ಅರ್ಥ ತೆಗೆದುಕೊಳ್ಳುತ್ತಾರೆ. ಶೀಟಿನಲ್ಲಿ ಇರಬೇಕಾದ್ದು ತೀರ್ಮಾನ. "ಇದು ಹೌದು, ಅದು ಅಲ್ಲ" ಅಂತ ಬೆರಳಿಟ್ಟು ತೋರಿಸಬಹುದಾದ್ದು ಮಾತ್ರ.

ಕನ್ನಡದಲ್ಲಿ ಧಾಟಿ ಒಡೆಯೋದು ಎರಡು ಜಾಗದಲ್ಲಿ. ಒಂದು, ಓದುಗರನ್ನ ಕರೆಯೋ ರೀತಿ: ತಾವು, ನೀವು, ನೀನು. ಇನ್ನೊಂದು ಕ್ರಿಯಾಪದದ ಕೊನೆ: ಸಿಗುತ್ತದೆ, ಸಿಗುತ್ತೆ, ಸಿಗ್ತದೆ, ದೊರೆಯುತ್ತದೆ, ಮಾಡಿದ್ದೇವೆ, ಮಾಡಿದ್ದೀವಿ, ಮಾಡಿರುತ್ತೇವೆ. ಓದೋರ ಕಿವಿಗೆ ಮೊದಲು ಬೀಳೋದು ಇದೇ. ಈ ಎರಡನ್ನೂ ಇವತ್ತೇ ತೀರ್ಮಾನ ಮಾಡಿಬಿಟ್ಟರೆ ಅರ್ಧಕ್ಕಿಂತ ಹೆಚ್ಚು ಕೆಲಸ ಆದ ಹಾಗೆ.

ಕುರುಕಲು ತಿಂಡಿ ಅಂಗಡಿಗೆ ನನ್ನ ಸಲಹೆ: ಓದೋರು ಯಾವಾಗಲೂ "ನೀವು", ಅಂಗಡಿ ಯಾವಾಗಲೂ "ನಾವು". ಕೊನೆಗಳು ಮಾತಿನವು, ಆದರೆ ಅಕ್ಷರ ನುಂಗಬಾರದು. ಸಿಗುತ್ತೆ ಸರಿ, ಸಿಗತ್ತೆ ಬೇಡ. ಮಾಡಿದ್ದೀವಿ ಸರಿ, ಮಾಡಿದೀವಿ ಬೇಡ. ಬನ್ನಿ ಸರಿ, "ಭೇಟಿ ನೀಡಿ" ಬೇಡ, "ಬಾ" ಅಂತೂ ಬೇಡವೇ ಬೇಡ. ಇಷ್ಟನ್ನ ಎರಡು ಕಾಲಂ ಮಾಡಿ ಬರೆದುಕೊಳ್ಳಿ. ವಿವರಣೆ ಬೇಕಿಲ್ಲ.

@ಗುಬ್ಬಿಗೇಟ್ ಅಣ್ಣ, ನೀವು ಹೇಳಿದ್ದು ಅರ್ಧ ಸರಿ. ಕೊನೇ ಕಣ್ಣು ಒಬ್ಬರದೇ ಇರಬೇಕು. ಬರೆಯೋದೂ ಒಬ್ಬರೇ ಅಂದ್ರೆ, ಹಬ್ಬದ ಹಿಂದಿನ ದಿನ ಆ ಒಬ್ಬರೇ ಕೌಂಟರಲ್ಲಿ ಪೊಟ್ಟಣ ಕಟ್ಟುತ್ತಾ ಇರ್ತಾರೆ. ಅವತ್ತು ಇನ್ನೊಬ್ಬರು ಬರೆಯಲೇಬೇಕಾಗುತ್ತೆ, ಕೈಯಲ್ಲಿ ಏನೂ ಇಲ್ಲದೆ.

ಕೋಲಾರದ_ಮೇಷ್ಟ್ರು

ಆಡುಮಾತಿನಲ್ಲಿ ಬರೆಯಿರಿ ಎನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. "ಸಿಗುತ್ತೆ" ಎಂದು ಅಂಗಡಿಯ ಹೆಸರಿನಲ್ಲಿ ಬರೆದರೆ ಗೌರವ ಕಡಿಮೆಯಾಗುತ್ತದೆ. "ಸಿಗುತ್ತದೆ" ಎಂದು ಬರೆದರೆ ತುಮಕೂರಿನವರೂ ಓದುತ್ತಾರೆ, ಧಾರವಾಡದವರೂ ಓದುತ್ತಾರೆ, ಮಂಗಳೂರಿನವರೂ ಓದುತ್ತಾರೆ. ಆಡುಮಾತು ಎಂದರೆ ಯಾರ ಆಡುಮಾತು? ಪಾವಗಡದ್ದೋ ತಿಪಟೂರಿನದ್ದೋ?

ಕರಡು_ಕತ್ತರಿ

ಮೇಷ್ಟ್ರೇ, ಬರವಣಿಗೆಯ ಕನ್ನಡ ತಪ್ಪು ಅಂತ ನಾನು ಹೇಳಿಲ್ಲ. ಪೂರ್ತಿ "ಸಿಗುತ್ತದೆ, ಮಾಡಿದ್ದೇವೆ" ಅಂತಲೇ ಬರೆಯೋ ಅಂಗಡಿಗೂ ಒಳ್ಳೇ ಧಾಟಿ ಇರಬಹುದು. ಊರೂರಿಗೆ ಪಾರ್ಸೆಲ್ ಕಳಿಸೋ ವ್ಯಾಪಾರ ಆದರೆ ನೀವು ಹೇಳಿದ್ದೇ ವಾಸಿ. ಕೆಡೋದು ಬೆರಕೆಯಿಂದ. "ಬಿಸಿಬಿಸಿ ನಿಪ್ಪಟ್ಟು ಬಂದಿದೆ, ಇಂದೇ ಖರೀದಿಸಿ ಸವಿಯಿರಿ, ಸಿಕ್ಕಾಪಟ್ಟೆ ಚೆನ್ನಾಗಿದೆ", ಈ ಒಂದೇ ಸಾಲಿನಲ್ಲಿ ಮೂರು ಜನ ಮಾತಾಡ್ತಿದ್ದಾರೆ. ಯಾವುದನ್ನ ಆರಿಸಿಕೊಂಡ್ರಿ ಅನ್ನೋದಕ್ಕಿಂತ, ಆರಿಸಿದ್ದನ್ನ ಮೂವರೂ ಹಿಡಿದುಕೊಂಡ್ರಾ ಅನ್ನೋದು ಮುಖ್ಯ.

ಆಯ್ಕೆಗೆ ಒಂದು ದಾರಿ: ಗಿರಾಕಿ ಬಂದಾಗ ಕೌಂಟರಲ್ಲಿ ಏನು ಹೇಳ್ತೀರೋ ಅದನ್ನ ಒಂದು ದಿನ ಬರೆದಿಟ್ಟುಕೊಳ್ಳಿ. "ಬನ್ನಿ, ಅವರೆಬೇಳೆ ಈಗ ತಾನೇ ಕರಿದಿದ್ದೀವಿ, ರುಚಿ ನೋಡಿ." ಆ ಮಾತಿಗೆ ಹತ್ತಿರ ಇರೋ ಕೊನೆಗಳನ್ನೇ ಆರಿಸಿ. ಪೋಸ್ಟ್ ಓದಿ ಅಂಗಡಿಗೆ ಬಂದವರಿಗೆ ಅದೇ ದನಿ ಕೇಳಿಸಬೇಕು.

ತೋಪಿನಹುಡುಗ_ಶ್ರೀನಿವಾಸಪುರ

ನಮ್ಮದು ಮಾವು, ಆದರೆ ತೊಂದರೆ ಇದೇ. ಒಬ್ಬರು "ಬಾದಾಮಿ ಬಂದಿದೆ" ಅಂತ ಹಾಕ್ತಾರೆ, ಮಾರನೇ ದಿನ ಇನ್ನೊಬ್ಬರು "ಆಲ್ಫಾನ್ಸೊ ಬಂದಿದೆ" ಅಂತ. ಹಣ್ಣು ಒಂದೇ. ಬೆಂಗಳೂರಿನ ಗಿರಾಕಿಗಳು ಫೋನ್ ಮಾಡಿ ಎರಡಕ್ಕೂ ಬೇರೆ ಬೇರೆ ರೇಟ್ ಕೇಳ್ತಾರೆ. ಬೇನಿಷಾ, ಬಂಗನಪಲ್ಲಿ ಅನ್ನೋದರದ್ದೂ ಅದೇ ಕತೆ. ಕೆಲವರು "ಎರಡು ಡಜನ್", ಕೆಲವರು "5 ಕೆಜಿ ಬಾಕ್ಸ್". ಇದಕ್ಕೂ ಶೀಟಲ್ಲಿ ಜಾಗ ಇದೆಯಾ, ಇಲ್ಲಾ ಅದು ಬರೀ ಮಾತಿನ ಧಾಟಿಗಾ?

ಕರಡು_ಕತ್ತರಿ

ಇದಕ್ಕೇ ಜಾಸ್ತಿ ಜಾಗ ಬೇಕು. ಹೆಸರಿನ ಪಟ್ಟಿ ಅಂತ ಒಂದು ಭಾಗ ಮಾಡಿ. ಪ್ರತಿ ಸಾಮಾನಿಗೆ ಒಂದೇ ಹೆಸರು, ಒಂದೇ ಕಾಗುಣಿತ. ಗಿರಾಕಿಗೆ ಇನ್ನೊಂದು ಹೆಸರೂ ಗೊತ್ತಿರಬೇಕಾದರೆ ಆ ಕಾಲದ ಮೊದಲ ಪೋಸ್ಟ್‌ನಲ್ಲಿ ಒಂದು ಸಲ "ಬಾದಾಮಿ, ಆಲ್ಫಾನ್ಸೊ ಅಂತಾರಲ್ಲ ಅದೇ ಹಣ್ಣು" ಅಂತ ಹೇಳಿಬಿಡಿ. ಆಮೇಲೆ ಬಾದಾಮಿ ಮಾತ್ರ. ಅಳತೆಯೂ ಹಾಗೇ, ಡಜನ್ನೋ ಕೆಜಿಯೋ ಒಂದನ್ನ ಹಿಡಿಯಿರಿ.

ಅಕ್ಕನ ಅಂಗಡಿಗೆ ಬಂದರೆ, ಹಿತಕಿದ ಬೇಳೆ ಒಂದನ್ನೇ ತಗೊಳ್ಳಿ. ಹಿತಕಿದ, ಹಿದುಕಿದ, ಹಿಚುಕಿದ, ಇದುಕಿದ, ಎಲ್ಲಾ ಬರೀತಾರೆ. ಯಾವುದು ಸರಿ ಅಂತ ಜಗಳ ಆಡ್ತಾ ಕೂತರೆ ಅವರೆಕಾಯಿ ಕಾಲವೇ ಮುಗಿದುಹೋಗುತ್ತೆ. ಪೊಟ್ಟಣದ ಮೇಲೆ ಏನು ಅಚ್ಚಾಗಿದೆಯೋ ಅದನ್ನೇ ಇಟ್ಟುಕೊಳ್ಳಿ, ಯಾಕೆಂದರೆ ಅದನ್ನ ಬದಲಾಯಿಸೋದು ಎಲ್ಲಕ್ಕಿಂತ ಖರ್ಚಿನ ಕೆಲಸ. ಅವರೆಕಾಳು/ಅವರೇಕಾಳು, ಕಡಲೆಬೀಜ/ಶೇಂಗಾ, ಯುಗಾದಿ/ಉಗಾದಿ, ಬೆಳಿಗ್ಗೆ/ಬೆಳಗ್ಗೆ, ಗ್ರಾಂ/ಗ್ರಾಮ್ ಇವೂ ಪಟ್ಟಿಯಲ್ಲಿರಲಿ. ಬೆಲೆ ಬರೆಯೋ ರೀತಿಯೂ ಒಂದೇ ಇರಲಿ. ಒಂದು ಕಡೆ "₹120", ಇನ್ನೊಂದು ಕಡೆ "120/-", ಮತ್ತೊಂದು ಕಡೆ "೧೨೦ ರೂ." ಬೇಡ.

ಪಟ್ಟಿ 25 ಸಾಲು ದಾಟದ ಹಾಗೆ ನೋಡಿಕೊಳ್ಳಿ. ನಿಜವಾಗಿ ಒಮ್ಮೆಯಾದರೂ ಎರಡು ಥರ ಬರೆದ ಪದ ಮಾತ್ರ ಅಲ್ಲಿ ಬರಬೇಕು. ಮುಂದೆ ಯಾವಾಗಲಾದರೂ ಬರಬಹುದು ಅಂತ ಊಹಿಸಿ ತುಂಬಿಸಿದರೆ ಪುಟ ನಾಲ್ಕಾಗುತ್ತೆ, ಯಾರೂ ತೆರೆಯಲ್ಲ.

ಸೊಗಡು_ಪ್ರಿಯ

ಮಧ್ಯದಲ್ಲಿ ಬರ್ತಿದೀನಿ, ಕ್ಷಮಿಸಿ. ಸೊಗಡಿರೋ ಅವರೆಕಾಯಿ ತುಮಕೂರಲ್ಲಿ ಈಗ ಎಲ್ಲಿ ಸಿಗ್ತಿದೆ? ಮಾರ್ಕೆಟಿನಲ್ಲಿ ಬರ್ತಿರೋದರಲ್ಲಿ ಬರೀ ಬಣ್ಣ ಇದೆ, ವಾಸನೆಯೇ ಇಲ್ಲ.

ಗುಬ್ಬಿಗೇಟ್

@ಸೊಗಡು_ಪ್ರಿಯ ಇಬ್ಬನಿ ಚೆನ್ನಾಗಿ ಬೀಳೋವರೆಗೂ ಕಾಯಿರಿ ಸಾರ್. ಬೆಳಿಗ್ಗೆ ಬೇಗ ಹೋಗಿ ಹಳ್ಳಿಯಿಂದ ಮೂಟೆ ತರೋ ರೈತರ ಹತ್ರಾನೇ ತಗೊಳ್ಳಿ. ಸಿಪ್ಪೆ ಕೈಗೆ ಅಂಟಿದ ಹಾಗಿರಬೇಕು.

ಬಣ್ಣದಪೆಟ್ಟಿಗೆ_ಚಿಕ್ಕಬಳ್ಳಾಪುರ

ಪೋಸ್ಟರ್ ಮಾಡೋರ ಕಡೆಯಿಂದ ಒಂದು ಮಾತು. ಶೀಟ್ ಎಷ್ಟೇ ಚೆನ್ನಾಗಿದ್ದರೂ ಧಾಟಿ ಕೈತಪ್ಪೋದು ಡಿಸೈನರ್ ಹತ್ತಿರ. ತುಂಬಾ ಡಿಸೈನರ್‌ಗಳು ಈಗಲೂ ಫೋಟೋಶಾಪ್, ಕೋರೆಲ್‌ನಲ್ಲಿ ನುಡಿಯ ಹಳೇ ಫಾಂಟ್‌ಗಳಲ್ಲೇ ಕೆಲಸ ಮಾಡ್ತಾರೆ. ಅವು ಯೂನಿಕೋಡ್ ಅಲ್ಲ. ನೀವು ವಾಟ್ಸಾಪ್‌ನಲ್ಲಿ ಕಳಿಸಿದ ಸಾಲನ್ನ ಅಲ್ಲಿ ಅಂಟಿಸಿದರೆ ಸರಿಯಾಗಿ ಬರಲ್ಲ, ಅದಕ್ಕೆ ಪೂರ್ತಿ ಹೊಸದಾಗಿ ಟೈಪ್ ಮಾಡ್ತಾರೆ. ಟೈಪ್ ಮಾಡುವಾಗ ಅವರ ಅಭ್ಯಾಸದ ಕಾಗುಣಿತ ಬರುತ್ತೆ, ಜಾಗ ಸಾಲದಿದ್ದರೆ ಒಂದು ಪದ ಬದಲಾಯಿಸ್ತಾರೆ. ಕೊನೆಗೆ ಪೋಸ್ಟರಿನಲ್ಲಿ "ಹಿದುಕಿದ ಬೇಳೆ ದೊರೆಯುತ್ತದೆ", ಕೆಳಗಿನ ಬರಹದಲ್ಲಿ "ಹಿತಕಿದ ಬೇಳೆ ಸಿಗುತ್ತೆ". ಬೆಲೆಯೂ ಹೀಗೇ ಬೇರೆ ಬೇರೆ ಆಗಿಬಿಡುತ್ತೆ.

ಎರಡು ಕೆಲಸ ಮಾಡಿ. ಡಿಸೈನರ್‌ಗೆ ಯೂನಿಕೋಡ್ ಫಾಂಟ್ ಬಳಸೋಕೆ ಹೇಳಿ. ಬಲೂ ತಮ್ಮ, ನೋಟೋ ಸಾನ್ಸ್ ಕನ್ನಡ ಎರಡೂ ಉಚಿತವಾಗಿ ಸಿಗುತ್ತವೆ, ಅಂಟಿಸಿದರೆ ಹಾಗೇ ಕೂರುತ್ತವೆ. ಹಳೇ ಫೋಟೋಶಾಪ್‌ನಲ್ಲಿ ಒತ್ತಕ್ಷರ ಒಡೆದರೆ ಭಾರತೀಯ ಭಾಷೆಗಳ ಕಂಪೋಸರ್ ಆನ್ ಮಾಡಬೇಕು. ಇನ್ನೊಂದು, ಪೋಸ್ಟರನ್ನೂ ಕೆಳಗೆ ಹಾಕೋ ಬರಹವನ್ನೂ ಅಕ್ಕಪಕ್ಕ ಇಟ್ಟು ಒಬ್ಬರು ಗಟ್ಟಿಯಾಗಿ ಓದಬೇಕು. ಬೆಲೆ, ತೂಕ, ತಾರೀಕು, ಹೆಸರು ನಾಲ್ಕೂ ಹೊಂದಿದರೆ ಮಾತ್ರ ಹಾಕಬೇಕು.

ಹುರಿಗಾಳು_ತುಮಕೂರು

ತುಂಬಾ ಉಪಯೋಗ ಆಯ್ತು. ಒಂದು ಸಂದೇಹ. ಎಲ್ಲಾ ಹಬ್ಬಕ್ಕೂ ಒಂದೇ ಧಾಟಿ ಅಂದ್ರೆ ಸಪ್ಪೆ ಆಗಲ್ವಾ? ಗಣೇಶ ಹಬ್ಬದ ಗಲಾಟೆ ಬೇರೆ, ವರಮಹಾಲಕ್ಷ್ಮಿ ಬೇರೆ. ಪಿತೃಪಕ್ಷದಲ್ಲಂತೂ ಹಬ್ಬದ ಥರ ಬರೆಯೋಕೇ ಆಗಲ್ಲ.

ಕರಡು_ಕತ್ತರಿ

ಅದಕ್ಕೇ ಶೀಟನ್ನ ಎರಡು ಭಾಗ ಮಾಡೋದು. ಮೇಲಿನ ಭಾಗ ವರ್ಷ ಪೂರ್ತಿ ಬದಲಾಗಲ್ಲ: ನೀವು-ನಾವು, ಕ್ರಿಯಾಪದದ ಕೊನೆ, ಹೆಸರಿನ ಪಟ್ಟಿ, ಬೆಲೆ ಬರೆಯೋ ರೀತಿ. ಕೆಳಗಿನ ಭಾಗದಲ್ಲಿ ಕಾಲಕ್ಕೊಂದು ಸಾಲು. ಆ ಸಾಲಿನಲ್ಲಿ ನಾಲ್ಕೇ ಮನೆ: ಯಾವ ಮಾತಿನಿಂದ ಶುರು ಮಾಡಬೇಕು, ಶುಭಾಶಯ ಹೇಳಬೇಕಾ, ಎಷ್ಟು ಎಮೋಜಿ, ಏನು ಹೇಳಬಾರದು.

ಅವರೆಕಾಯಿ ಕಾಲಕ್ಕೆ ತುಂಬಿ ತೋರಿಸ್ತೀನಿ. ಶುರು: ಇವತ್ತು ಏನು ಮಾಡಿದ್ದೀವಿ ಅನ್ನೋದರಿಂದ. ಶುಭಾಶಯ: ಇಲ್ಲ, ಇದು ಹಬ್ಬ ಅಲ್ಲ. ಎಮೋಜಿ: ಒಂದು, ಕೊನೆಯಲ್ಲಿ. ಹೇಳಬಾರದ್ದು: "ಈ ಸೀಸನ್ನಿನ ಕೊನೇ ಅವಕಾಶ", ಯಾಕೆಂದರೆ ಮಾರನೇ ದಿನವೂ ಮಾರ್ತೀರಿ.

ಪಿತೃಪಕ್ಷಕ್ಕೆ: ಶುರು, ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತೆ, ಏನು ಆರ್ಡರ್ ತಗೊಳ್ತೀವಿ ಅನ್ನೋದರಿಂದ. ಶುಭಾಶಯ ಇಲ್ಲ, ಎಮೋಜಿ ಇಲ್ಲ, ರಿಯಾಯಿತಿ ಮಾತು ಇಲ್ಲ. ಕ್ರಿಯಾಪದದ ಕೊನೆ ಮಾತ್ರ ಅದೇ "ತಗೊಳ್ತೀವಿ". ದನಿ ತಗ್ಗುತ್ತೆ, ಮಾತಾಡೋರು ಬದಲಾಗಲ್ಲ.

ಈಗ ನಿಮ್ಮ ಎಳ್ಳು-ಬೆಲ್ಲದ ಮೂರು ಕರಡನ್ನ ಶೀಟಿನ ಮೇಲೆ ಇಟ್ಟು ನೋಡೋಣ. ಮೊದಲನೇದರಲ್ಲಿ "ದೊರೆಯುತ್ತದೆ", "ಭೇಟಿ ನೀಡಿ" ಹೋಗುತ್ತೆ. "ರುಚಿಕರವಾದ" ಅನ್ನೋದು ಏನನ್ನೂ ಹೇಳಲ್ಲ, ಅದೂ ಹೋಗುತ್ತೆ. ಉಳಿಯೋದು ಶುಭಾಶಯ, ಅದೊಂದು ಒಳ್ಳೇದು. ಎರಡನೇದರಲ್ಲಿ "ಗುರು", "ಬಾ", ಮೂರು ಆಶ್ಚರ್ಯಸೂಚಕ ಹೋಗುತ್ತೆ. ಆದರೆ ನೇರವಾಗಿ "ಬಂತು" ಅಂತ ಶುರು ಮಾಡಿದ್ದು ಮೂರರಲ್ಲೂ ಇದೇ ವಾಸಿ. ಮೂರನೇದು ಕಷ್ಟ. ಅದರಲ್ಲಿ ಎಳ್ಳು-ಬೆಲ್ಲ ತೆಗೆದು ಸೀರೆ ಹಾಕಿದರೂ ನಡೆಯುತ್ತೆ, ಮೊಬೈಲ್ ಹಾಕಿದರೂ ನಡೆಯುತ್ತೆ. ಅಂಥ ಸಾಲನ್ನ ತಿದ್ದೋಕೆ ಆಗಲ್ಲ, ಸಾಮಾನಿನ ಹೆಸರು ಹಿಡಿದು ಮತ್ತೆ ಬರೆಯಬೇಕು.

ಶೀಟಿನ ಪ್ರಕಾರ ಹೀಗಾಗುತ್ತೆ:

"ಸಂಕ್ರಾಂತಿ ಎಳ್ಳು-ಬೆಲ್ಲ ಬಂದಿದೆ. ಕೊಬ್ಬರಿ, ಬೆಲ್ಲ ಸಣ್ಣಗೆ ಹೆಚ್ಚಿ, ಎಳ್ಳು, ಕಡಲೆಬೀಜ, ಹುರಿಗಡಲೆ ಜೊತೆ ಬೆರೆಸಿದ್ದೀವಿ. ಕಾಲು ಕೆಜಿ, ಅರ್ಧ ಕೆಜಿ ಪೊಟ್ಟಣ ಸಿಗುತ್ತೆ. ಸಕ್ಕರೆ ಅಚ್ಚು ಬೇಕಿದ್ದರೆ ಎರಡು ದಿನ ಮುಂಚೆ ಹೇಳಿ. ಹಬ್ಬದ ಶುಭಾಶಯ."

ಇದನ್ನೇ ಶೀಟಿನ ಕೊನೆಯಲ್ಲಿ ಮಾದರಿ ಅಂತ ಇಡಿ, ಪಕ್ಕದಲ್ಲಿ ಮೂರು ಹಳೇ ಕರಡೂ ಇರಲಿ. ಹೊಸಬರು ನಿಯಮ ಓದೋದಕ್ಕಿಂತ ಮುಂಚೆ ಮಾದರಿಯನ್ನ ನೋಡ್ತಾರೆ.

ಕೋಲಾರದ_ಮೇಷ್ಟ್ರು

ಮಾದರಿ ಚೆನ್ನಾಗಿದೆ, ಒಪ್ಪಿದೆ. ಆದರೂ ಒಂದು ಪ್ರಶ್ನೆ. ಅಂಗಡಿ ರಜೆಯ ಪ್ರಕಟಣೆ, ಮಾರಿದ ಪೊಟ್ಟಣದಲ್ಲಿ ದೋಷವಿದ್ದರೆ ವಾಪಸು ಕೇಳುವ ಪ್ರಕಟಣೆ, ಇವನ್ನೂ "ತಗೊಳ್ತೀವಿ" ಎಂದೇ ಬರೆಯುವಿರಾ? ಅಲ್ಲಿ ಬರವಣಿಗೆಯ ಕನ್ನಡವೇ ತಕ್ಕದ್ದು.

ಕರಡು_ಕತ್ತರಿ

ರಜೆಗೆ ಮಾತಿನ ಧಾಟಿಯೇ ಸಾಕು ಅಂತ ನನ್ನ ಅಭಿಪ್ರಾಯ. ವಾಪಸ್ ಕೇಳೋ ಪ್ರಕಟಣೆಗೆ ನೀವು ಹೇಳಿದ್ದು ಸರಿ ಇರಬಹುದು. ಅಲ್ಲಿ ಬ್ಯಾಚ್ ಸಂಖ್ಯೆ, ತಾರೀಕು ಇರುತ್ತೆ, ಗೊಂದಲಕ್ಕೆ ಎಡೆ ಇರಬಾರದು. ಅದನ್ನ ಶೀಟಿನಲ್ಲಿ "ಇದೊಂದಕ್ಕೆ ಬೇರೆ" ಅಂತ ಬರೆದುಬಿಟ್ಟರೆ ಆಯ್ತು.

ತೋಪಿನಹುಡುಗ_ಶ್ರೀನಿವಾಸಪುರ

ಇಲ್ಲ ಸಾರ್, ನನಗೆ ಅದು ಸರಿ ಕಾಣ್ತಿಲ್ಲ. ತಪ್ಪಾದಾಗಲೇ ಗಿರಾಕಿಗೆ ನಮ್ಮ ಮಾಮೂಲಿ ದನಿ ಕೇಳಿಸಬೇಕು. ದಿನಾ "ಬನ್ನಿ" ಅನ್ನೋರು ಅವತ್ತು ಇದ್ದಕ್ಕಿದ್ದ ಹಾಗೆ "ವಿಷಾದಿಸುತ್ತೇವೆ" ಅಂದ್ರೆ ದೂರ ನಿಂತ ಹಾಗೆ ಆಗುತ್ತೆ.

ಚೇಳೂರು_ರಸ್ತೆ

"ಶುದ್ಧ", "ತಾಜಾ", "ಸಾಂಪ್ರದಾಯಿಕ" ಈ ಪದಗಳನ್ನ ಸುಮ್ಮನೆ ಬಿಡಬೇಡಿ. ತಿಂಡಿ ಜಾಹೀರಾತಿನ ಬಗ್ಗೆ ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳಿವೆ. ಇಂಥ ಪದಗಳನ್ನ ಯಾವಾಗ ಬಳಸಬಹುದು ಅಂತ ಅದರಲ್ಲಿ ಷರತ್ತು ಹಾಕಿದ್ದಾರೆ. ಕಾಯಿಲೆ ವಾಸಿ ಮಾಡುತ್ತೆ, ಬರದ ಹಾಗೆ ತಡೆಯುತ್ತೆ ಅನ್ನೋ ಮಾತಂತೂ ಹಾಕಲೇಬಾರದು. ಮೂರು ಜನ ಬರೆಯೋ ಕಡೆ ಯಾರಾದರೂ ಒಬ್ಬರು "ಸಕ್ಕರೆ ಕಾಯಿಲೆಗೆ ರಾಮಬಾಣ" ಅಂತ ರಾಗಿ ನಿಪ್ಪಟ್ಟಿಗೆ ಹಾಕಿಬಿಡ್ತಾರೆ. ಹೇಳಬಾರದ ಪದಗಳ ಸಾಲಿಗೆ ಇದನ್ನ ಸೇರಿಸಿ.

@ತೋಪಿನಹುಡುಗ ಮಾವಿಗೂ ಒಂದು ಇದೆ. "ಕಾರ್ಬೈಡ್ ಹಾಕಿಲ್ಲ" ಅಂತ ದೊಡ್ಡದಾಗಿ ಬರೆಯೋದು ಬೇಡ. ಕಾರ್ಬೈಡ್‌ನಲ್ಲಿ ಹಣ್ಣು ಮಾಡೋದನ್ನ ಕಾನೂನೇ ನಿಷೇಧಿಸಿದೆ, ಹಾಕದೇ ಇರೋದು ನಿಮ್ಮ ಹೆಚ್ಚುಗಾರಿಕೆ ಅಲ್ಲ. ಒಂದು ಪೋಸ್ಟಲ್ಲಿ ಬರೆದು ಮುಂದಿನದರಲ್ಲಿ ಬಿಟ್ಟರೆ "ಈ ಸಲ ಹಾಕಿದ್ರಾ?" ಅಂತ ಕೇಳ್ತಾರೆ. "ಹುಲ್ಲಿನಲ್ಲಿಟ್ಟು ಹಣ್ಣು ಮಾಡಿದ್ದೀವಿ" ಅಂತ ಮಾಡಿದ್ದನ್ನ ಹೇಳಿ, ಅದು ನಿಜ ಆಗಿದ್ದರೆ.

ತೋಪಿನಹುಡುಗ_ಶ್ರೀನಿವಾಸಪುರ

ಹುಲ್ಲಿನಲ್ಲೇ ಅಣ್ಣ. ಬರೆದುಕೊಂಡೆ.

ಚಿಂತಾಮಣಿ_ಅಕ್ಕ

ನಮ್ಮ ಕಡೆ ಗಿರಾಕಿಗಳಲ್ಲಿ ತೆಲುಗು ಮಾತಾಡೋರು ತುಂಬಾ ಜನ. ಕೆಲವು ಪೋಸ್ಟ್ ತೆಲುಗಿನಲ್ಲೂ ಹಾಕ್ತೀವಿ. ಕನ್ನಡದ ಶೀಟನ್ನೇ ತೆಲುಗಿಗೆ ತಿರುಗಿಸಿಕೊಂಡರೆ ಆಗುತ್ತಾ?

ಕರಡು_ಕತ್ತರಿ

ಮೇಲಿನ ಭಾಗ ಆಗಲ್ಲ ಅಕ್ಕ. ಕ್ರಿಯಾಪದದ ಕೊನೆ, ಕರೆಯೋ ರೀತಿ ತೆಲುಗಿನದ್ದೇ ಬೇರೆ, ಅದನ್ನ ತೆಲುಗು ಮನೆಮಾತಿನವರೇ ತೀರ್ಮಾನ ಮಾಡಬೇಕು. ಕಾಲಕ್ಕೊಂದು ಸಾಲು, ಬೆಲೆ ಬರೆಯೋ ರೀತಿ, ಹೇಳಬಾರದ್ದು ಇವನ್ನ ಹಾಗೇ ತಗೊಳ್ಳಬಹುದು. ಕನ್ನಡದ ಪೋಸ್ಟನ್ನೇ ಸಾಲು ಸಾಲಾಗಿ ತಿರುಗಿಸೋಕೆ ಮಾತ್ರ ಹೋಗಬೇಡಿ.

ಚಿಂತಾಮಣಿ_ಅಕ್ಕ

ನಮ್ಮಲ್ಲಿ ತೆಲುಗು ಮಾತಾಡೋಕೆ ಎಲ್ಲರಿಗೂ ಬರುತ್ತೆ, ಬರೆಯೋಕೆ ಯಾರಿಗೂ ಸರಿಯಾಗಿ ಬರಲ್ಲ. ಕನ್ನಡ ಲಿಪಿಯಲ್ಲೇ ತೆಲುಗು ಬರೆದರೆ ಹೇಗೆ ಅಂತ ಯೋಚನೆ ಇದೆ. ಯಾರಾದರೂ ಹಾಗೆ ಮಾಡ್ತಿದ್ದರೆ ತಿಳಿಸಿ.

ಗುಬ್ಬಿಗೇಟ್

ಕೊನೇ ಕಣ್ಣು ಒಬ್ಬರದು ಅಂದ್ರಲ್ಲ, ಅಲ್ಲೇ ಜಗಳ ಶುರುವಾಗೋದು. ತಿದ್ದೋರು ತಮ್ಮ ಇಷ್ಟಕ್ಕೆ ಎಲ್ಲಾ ಬದಲಾಯಿಸಿದರೆ ಬರೆದೋರು ಮುಂದಿನ ಸಲ ಬರೆಯೋದೇ ಇಲ್ಲ.

ಕರಡು_ಕತ್ತರಿ

ನಿಜವಾದ ಮಾತು. ಅದಕ್ಕೆ ಗಟ್ಟಿ ನಿಯಮ ಬೇಕು: ಶೀಟಿನಲ್ಲಿ ಇರೋದನ್ನ ಮಾತ್ರ ತಿದ್ದಬಹುದು. ಶೀಟಿನಲ್ಲಿ ಇಲ್ಲದ್ದು ಕಣ್ಣಿಗೆ ಚುಚ್ಚಿದರೆ, ಪೋಸ್ಟನ್ನ ಹಾಗೇ ಬಿಟ್ಟು ಆ ಪದವನ್ನ "ತೀರ್ಮಾನ ಆಗಬೇಕಾದ್ದು" ಅಂತ ಕೆಳಗೆ ಬರೆದಿಡಬೇಕು. ವಾರಕ್ಕೊಮ್ಮೆ ಮೂವರೂ ಕೂತು ಅದನ್ನ ಮುಗಿಸಿದರೆ ಸಾಕು. ಅರ್ಥ ತಪ್ಪಿದ್ದರೆ, ಬೆಲೆ ತಪ್ಪಿದ್ದರೆ ಅದು ಬೇರೆ, ಅದನ್ನ ತಕ್ಷಣ ಸರಿ ಮಾಡಿ.

ಧಾಟಿ ಒಂದಾಯ್ತಾ ಅಂತ ಗೊತ್ತಾಗೋಕೂ ದಾರಿ ಇದೆ. ಅವರೆಕಾಯಿ ಕಾಲ ಮುಗಿದ ಮೇಲೆ ಆರು ಪೋಸ್ಟ್ ತೆಗೆದುಕೊಳ್ಳಿ, ತಲಾ ಎರಡು. ಹೆಸರು ತೆಗೆದು ಅಂಗಡಿಯ ಬೇರೆ ಕೆಲಸಗಾರರಿಗೆ ಕೊಟ್ಟು "ಯಾವುದು ಯಾರದ್ದು?" ಅಂತ ಕೇಳಿ. ಸಲೀಸಾಗಿ ಹೇಳಿದರೆ ಇನ್ನೂ ಒಂದಾಗಿಲ್ಲ ಅಂತ ಅರ್ಥ. ಯಾವುದರಿಂದ ಗೊತ್ತಾಯ್ತು ಅಂತಲೂ ಕೇಳಿ. "ಅವರು ಯಾವಾಗಲೂ 'ಸವಿಯಿರಿ' ಅಂತಾರೆ" ಅಂದರೆ ಶೀಟಿಗೆ ಸೇರಬೇಕಾದ ಪದ ಸಿಕ್ಕಿತು.

ಬಣ್ಣದಪೆಟ್ಟಿಗೆ_ಚಿಕ್ಕಬಳ್ಳಾಪುರ

ಇನ್ನೊಂದು ಕಡೆ ಕಣ್ಣಿಡಿ: ಹೋದ ವರ್ಷದ ಪೋಸ್ಟ್ ನಕಲು ಮಾಡೋದು. ಶೀಟ್ ಮಾಡೋಕೆ ಮುಂಚಿನ ಕಾಗುಣಿತ, ಮುಂಚಿನ ಬೆಲೆ ಎಲ್ಲಾ ವಾಪಸ್ ಬರುತ್ತೆ. ಸಂಕ್ರಾಂತಿ 2024ರಲ್ಲಿ ಜನವರಿ 15ಕ್ಕೆ ಬಂತು, 2025ರಲ್ಲಿ 14ಕ್ಕೆ. ತಾರೀಕು ಹಾಗೇ ಉಳಿದರೆ ಅಂಗಡಿ ರಜೆ ಯಾವತ್ತು ಅಂತ ಗಿರಾಕಿಗಳಿಗೆ ಗೊಂದಲ. ನಕಲು ಮಾಡೋದಾದರೆ ಶೀಟಿನ ಮಾದರಿಯಿಂದ ಮಾಡಿ, ಹಳೇ ಪೋಸ್ಟಿಂದ ಬೇಡ.

ನಂದಿತಪ್ಪಲು

ಫೋನಿನ ಕೀಬೋರ್ಡೇ ಬೇರೆ ಕಾಗುಣಿತ ತೋರಿಸುತ್ತಲ್ಲ, ಅದಕ್ಕೇನು ಮಾಡೋದು? ನಾನು ಅವರೆಕಾಳು ಅಂತ ಹೊಡೆದರೆ ಅದು ಇನ್ನೇನೋ ಮುಂದಿಡುತ್ತೆ.

ಚೇಳೂರು_ರಸ್ತೆ

ಜಿಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಡಿಕ್ಷನರಿ, ಅದರೊಳಗೆ ಪರ್ಸನಲ್ ಡಿಕ್ಷನರಿ, ಅಲ್ಲಿ ಕನ್ನಡ ಆರಿಸಿ ಪದ ಸೇರಿಸಬಹುದು. ಹೆಸರಿನ ಪಟ್ಟಿಯಲ್ಲಿರೋ ಪದಗಳನ್ನ ಮೂವರೂ ತಮ್ಮ ತಮ್ಮ ಫೋನಲ್ಲಿ ಸೇರಿಸಿಕೊಂಡರೆ ಸರಿಯಾದ್ದೂ ಸಲಹೆಯಲ್ಲಿ ಬರೋಕೆ ಶುರುವಾಗುತ್ತೆ.

ಶೀಟ್ ಎಲ್ಲಿಡಬೇಕು ಅನ್ನೋದೂ ಮುಖ್ಯ. ವಾಟ್ಸಾಪ್‌ನಲ್ಲಿ ಪಿನ್ ಮಾಡಿದರೆ 30 ದಿನಕ್ಕಿಂತ ಹೆಚ್ಚು ನಿಲ್ಲಲ್ಲ, ಸಂಕ್ರಾಂತಿಗೆ ಪಿನ್ ಮಾಡಿದ್ದು ಯುಗಾದಿಗೆ ಇರಲ್ಲ. ಗೂಗಲ್ ಡಾಕ್ಸ್‌ನಲ್ಲಿ ಇಟ್ಟು ಅದರ ಲಿಂಕನ್ನ ಗ್ರೂಪಿನ ವಿವರಣೆಯಲ್ಲಿ ಹಾಕಿ. ಮೇಲುಗಡೆ "ತಿದ್ದಿದ ತಾರೀಕು" ಇರಲಿ. ಚಿತ್ರ ಮಾಡಿ ಕಳಿಸೋದು ಬೇಡ, ಹಳೇ ಚಿತ್ರ ಯಾರದ್ದೋ ಗ್ಯಾಲರಿಯಲ್ಲಿ ಉಳಿದು ಅದನ್ನೇ ನೋಡ್ಕೊಂಡು ಬರೀತಾರೆ.

ಹುರಿಗಾಳು_ತುಮಕೂರು

ಎಲ್ಲರಿಗೂ ಧನ್ಯವಾದ. ಮೂವರೂ ಕೂತು ಮೊದಲ ಕರಡು ಮಾಡಿದ್ದೀವಿ, ತಪ್ಪಿದ್ದರೆ ಹೇಳಿ.

ಓದೋರು: ನೀವು. ಅಂಗಡಿ: ನಾವು. ಗುರು, ಬಾಸ್, ಬಂಧುಗಳೇ, ತಾವು ಬೇಡ.
ಕೊನೆಗಳು: ಸಿಗುತ್ತೆ, ಮಾಡಿದ್ದೀವಿ, ಕಳಿಸ್ತೀವಿ, ಬನ್ನಿ. ದೊರೆಯುತ್ತದೆ, ಸಿಗತ್ತೆ, ಭೇಟಿ ನೀಡಿ, ಸವಿಯಿರಿ ಬೇಡ.
ಹೆಸರು: ಹಿತಕಿದ ಬೇಳೆ, ಅವರೆಕಾಳು, ಕಡಲೆಬೀಜ, ನಿಪ್ಪಟ್ಟು, ಕೋಡುಬಳೆ, ಯುಗಾದಿ, ಬೆಳಿಗ್ಗೆ, ಗ್ರಾಂ.
ಬೆಲೆ: ₹120. ತೂಕ: ಕಾಲು ಕೆಜಿ, ಅರ್ಧ ಕೆಜಿ, ಒಂದು ಕೆಜಿ.
ಹೇಳಬಾರದ್ದು: ಶುದ್ಧ, ರಾಮಬಾಣ, ಕೊನೇ ಅವಕಾಶ, ಯಾವುದೇ ಕಾಯಿಲೆಯ ಹೆಸರು.
ಅವರೆಕಾಯಿ ಕಾಲ: ಇವತ್ತು ಮಾಡಿದ್ದರಿಂದ ಶುರು, ಶುಭಾಶಯ ಇಲ್ಲ, ಒಂದು ಎಮೋಜಿ.
ಸಂಕ್ರಾಂತಿ: "ಬಂದಿದೆ" ಅಂತ ಶುರು, ಶುಭಾಶಯ ಕೊನೆಗೆ, ತಾರೀಕು ಪಂಚಾಂಗ ನೋಡಿ.
ಪಿತೃಪಕ್ಷ: ಅಂಗಡಿ ವೇಳೆಯಿಂದ ಶುರು, ಎಮೋಜಿ ಇಲ್ಲ, ರಿಯಾಯಿತಿ ಇಲ್ಲ.
ಪ್ರತಿ ಪೋಸ್ಟ್ ಕೊನೆಗೆ: "ಅಂಗಡಿ ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ ತೆರೆದಿರುತ್ತೆ."

ಕಾಮೆಂಟಿಗೆ ಉತ್ತರ ಕೊಡೋದಕ್ಕೂ ಇದೇ ನಡೆಯುತ್ತಾ ಅಂತ ಇನ್ನೂ ತೀರ್ಮಾನ ಆಗಿಲ್ಲ. ಗಿರಾಕಿಯೇ "ಗುರು, ಎಷ್ಟು ಕೆಜಿಗೆ?" ಅಂತ ಕೇಳಿದಾಗ "ನೀವು" ಅಂತ ಉತ್ತರ ಕೊಟ್ಟರೆ ಬಿಗಿ ಅನ್ನಿಸುತ್ತೆ ಅಂತ ಕೌಂಟರ್ ಹುಡುಗನ ವಾದ.

ಗುಬ್ಬಿಗೇಟ್

ಹುಡುಗ ಹೇಳೋದು ಸರಿ. ಕಾಮೆಂಟಲ್ಲಿ ಬಿಡಿ, ಅಲ್ಲಿ ಮನುಷ್ಯರು ಮಾತಾಡಬೇಕು.

ಕೋಲಾರದ_ಮೇಷ್ಟ್ರು

ಬಿಡಬಾರದು. ಉತ್ತರ ಹೋಗುವುದು ಅಂಗಡಿಯ ಹೆಸರಿನಲ್ಲೇ ಅಲ್ಲವೇ? "ನೀವು" ಎನ್ನುವುದು ಬಿಗಿಯಲ್ಲ. ಕೌಂಟರಿನಲ್ಲಿ ನಿಂತು ಬಂದವರಿಗೆಲ್ಲ "ನೀನು" ಎನ್ನುತ್ತಾನೆಯೇ ಆ ಹುಡುಗ?

ಕರಡು_ಕತ್ತರಿ

ಇದರಲ್ಲಿ ನಾನು ಮೇಷ್ಟ್ರ ಕಡೆ. ಇನ್ನೊಂದು, ಅಕ್ಕ: ಹೆಸರಿನ ಪಟ್ಟಿಯಲ್ಲಿ "ಬೆಳಿಗ್ಗೆ" ಇದೆ, ಪ್ರತಿ ಪೋಸ್ಟಿನ ಕೊನೇ ಸಾಲಿನಲ್ಲಿ "ಬೆಳಗ್ಗೆ" ಇದೆ. ಆ ಸಾಲು ದಿನಾ ಹೋಗುತ್ತೆ, ಇವತ್ತೇ ಸರಿ ಮಾಡಿ.